ಅಮ್ಮನ ಫೋಟೋದಿಂದ ನೆಕ್ಲೇಸ್ ತೆಗೆದು ಕರಿಮಣಿ ಉಳಿಸೋದು ಹೇಗೆ?

ಪ್ರಶ್ನೆ: ಮದುವೆ ಮನೆಯಲ್ಲಿ ತೆಗೆದ ಅಮ್ಮನ ಫೋಟೋ ಇದೆ. ದೊಡ್ಡಮ್ಮನ ಹತ್ರ ಇಸ್ಕೊಂಡು ಹಾಕಿದ್ದ ನೆಕ್ಲೇಸ್ ತೆಗೀಬೇಕು, ಕರಿಮಣಿ ಸರ ಹಾಗೇ ಇರ್ಬೇಕು. ಫೋಟೋಶಾಪಲ್ಲಿ ಹೀಲಿಂಗ್ ಬ್ರಶ್ ಎಳೆದ್ರೆ ಕುತ್ತಿಗೆಗೆ ಮಸಿ ಬಳಿದಂಗೆ ಆಗುತ್ತೆ, ಮೊಳಕಾಲ್ಮೂರು ಸೀರೆ ಸೆರಗು ಕಲಸಿಹೋಗುತ್ತೆ. ಎಲ್ಲಿ ತಪ್ತಿದೀನಿ?

ಉತ್ತರ:

ನಿಮ್ಮ ಕೈಯಲ್ಲಿ ತಪ್ಪಿಲ್ಲ, ತಪ್ಪಿರೋದು ಕೆಲಸದ ಕ್ರಮದಲ್ಲಿ. ಹೀಲಿಂಗ್ ಬ್ರಶ್ ನೀವು Alt ಒತ್ತಿ ಆರಿಸಿದ ಜಾಗದಿಂದ ಚರ್ಮದ ತರಿಯನ್ನು ಮಾತ್ರ ತರುತ್ತೆ. ಬಣ್ಣ, ಬೆಳಕು ಎರಡನ್ನೂ ನೀವು ಬ್ರಶ್ ಎಳೆದ ಜಾಗದ ಸುತ್ತಮುತ್ತಲಿಂದ ತಗೊಳ್ಳುತ್ತೆ. ಸುತ್ತಮುತ್ತ ಚರ್ಮವೇ ಇದ್ದರೆ ಚೆನ್ನಾಗಿ ಕೂರುತ್ತೆ. ಆದರೆ ಬ್ರಶ್ಶಿನ ಅಂಚು ಉಳಿದ ನೆಕ್ಲೇಸಿಗೋ, ಅದರ ನೆರಳಿಗೋ, ಬ್ಲೌಸಿಗೋ ತಾಗಿದರೆ ಆ ಕಪ್ಪು, ಆ ಹಳದಿ, ಆ ಕೆಂಪು ಒಳಗೆ ಇಳಿದುಬಿಡುತ್ತೆ. ನೀವು ಮಸಿ ಅನ್ನುತ್ತಿರೋದು ಇದನ್ನೇ. ಹಾಗಾಗಿ ಹೀಲಿಂಗ್ ಬ್ರಶ್ ಕೈಗೆತ್ತಿಕೊಳ್ಳೋದು ಕೊನೆಯಲ್ಲಿ. ಅದಕ್ಕೆ ಮೊದಲು ನೆಕ್ಲೇಸಿನ ಸುತ್ತ ಇರೋ ಒಂದೊಂದು ವಸ್ತುವನ್ನೂ ಬೇರೆ ಬೇರೆ ಮಾಡಿಕೊಳ್ಳಬೇಕು.

ಇಂಥದ್ದೇ ಫೋಟೋ ಒಂದು ಚಿತ್ರದುರ್ಗದ ನಮ್ಮ ಸ್ಟುಡಿಯೋಗೆ ಬಂದಿತ್ತು. ಕಲ್ಯಾಣ ಮಂಟಪದಲ್ಲಿ ಕ್ಯಾಮೆರಾ ಮೇಲಿನ ಫ್ಲಾಶ್ ಹಾಕಿ ತೆಗೆದದ್ದು. ಕುತ್ತಿಗೆಯ ಬುಡದಲ್ಲಿ ಬೆರಳಗಲದ ನೆಕ್ಲೇಸ್, ಅದರ ಪದಕ ಸೆರಗಿನ ಮಡಿಕೆ ಮೇಲೆ ಕೂತಿತ್ತು. ಕರಿಮಣಿ ಸರ ಎರಡೂ ಕಡೆ ನೆಕ್ಲೇಸಿನ ಕೆಳಗೆ ತೂರಿ ಹೊರಗೆ ಬಂದಿತ್ತು. ಅದರಲ್ಲಿ ಮಾಡಿದ ಕ್ರಮವನ್ನೇ ಹೇಳ್ತೀನಿ.

ಮೊದಲು ಫೈಲ್ ನೋಡಿ. ವಾಟ್ಸಾಪಲ್ಲಿ ಸಾದಾ ಫೋಟೋ ಆಗಿ ಬಂದಿದ್ದರೆ ಅದು ಕುಗ್ಗಿ, ಚರ್ಮದ ತರಿ ಅರ್ಧಕ್ಕರ್ಧ ಅಳಿಸಿಹೋಗಿರುತ್ತೆ. ತೆಗೆದವರ ಹತ್ರ ಮೂಲ ಫೈಲನ್ನು ಡಾಕ್ಯುಮೆಂಟ್ ಆಗಿ ಕಳಿಸೋಕೆ ಹೇಳಿ. ಆಮೇಲೆ ಮೂಲದ ಲೇಯರನ್ನು ಮುಟ್ಟಬೇಡಿ. ಮೇಲೊಂದು ಖಾಲಿ ಲೇಯರ್ ಇಟ್ಟು, ಕ್ಲೋನ್ ಸ್ಟಾಂಪ್, ಹೀಲಿಂಗ್ ಬ್ರಶ್ ಎರಡರಲ್ಲೂ Sample ಎದುರು Current & Below ಆರಿಸಿ. ಏನೇ ಕೆಟ್ಟರೂ ಆ ಲೇಯರಿನಲ್ಲಿ ಅಷ್ಟನ್ನೇ ಅಳಿಸಿ ಮತ್ತೆ ಮಾಡಬಹುದು.

ಈಗ ಕರಿಮಣಿ. ಉಳಿಯಬೇಕಾದದ್ದನ್ನು ಮೊದಲು ಎತ್ತಿಟ್ಟುಕೊಳ್ಳಬೇಕು. ಕಾಣುತ್ತಿರೋ ಕರಿಮಣಿಯನ್ನು ಪೆನ್ ಟೂಲಿಂದ ಸುತ್ತುವರಿದು, ಸೆಲೆಕ್ಷನ್ ಮಾಡಿ, ಮೂಲದ ಲೇಯರ್ ಆರಿಸಿಕೊಂಡು Ctrl+J ಒತ್ತಿ ಬೇರೆ ಲೇಯರಿಗೆ ತನ್ನಿ. ಅದನ್ನು ಎಲ್ಲಕ್ಕಿಂತ ಮೇಲಿಟ್ಟು ಕಣ್ಣಿನ ಗುರುತು ಆರಿಸಿ ಮರೆ ಮಾಡಿ. ಆಮೇಲೆ ಖಾಲಿ ಲೇಯರಿಗೆ ವಾಪಸ್ ಬಂದು, ಕೆಳಗಿನ ಚರ್ಮದಿಂದ ನೆಕ್ಲೇಸಿನ ಜೊತೆ ಕರಿಮಣಿಯನ್ನೂ ಧೈರ್ಯವಾಗಿ ತೆಗೆದುಬಿಡಬಹುದು. ಕರಿಮಣಿಯನ್ನು ಉಳಿಸಿಕೊಂಡು ಅದರ ಪಕ್ಕದ ಚರ್ಮ ಸರಿ ಮಾಡೋಕೆ ಹೋದರೆ ಒಂದೊಂದು ಮಣಿಯ ಸುತ್ತಲೂ ಕಪ್ಪು ಇಳಿಯುತ್ತೆ, ಆ ಕೆಲಸ ಮುಗಿಯೋದೇ ಇಲ್ಲ.

ಮುಂದಿನದು ಬ್ಲೌಸಿನ ಕೊರಳಂಚು. ನೆಕ್ಲೇಸ್ ಅಂಚನ್ನು ಎಲ್ಲಿ ಮುಚ್ಚಿದೆಯೋ ಅಲ್ಲಿ ಅಂಚು ಹೇಗೆ ಹೋಗಿರುತ್ತೆ ಅಂತ ಎರಡೂ ಬದಿಯ ತುದಿ ನೋಡಿದರೆ ಗೊತ್ತಾಗುತ್ತೆ. ಪೆನ್ ಟೂಲಿನಲ್ಲಿ ಆ ತುದಿಗಳನ್ನು ಸೇರಿಸಿ ಒಂದೇ ಬಾಗಿನಲ್ಲಿ ಗೆರೆ ಎಳೆದು, ಚರ್ಮದ ಭಾಗವನ್ನು ಸೆಲೆಕ್ಷನ್ ಮಾಡಿ, ಒಂದು ಪಿಕ್ಸೆಲ್ ಫೆದರ್ ಕೊಟ್ಟು Select ಮೆನುವಿನ Save Selection ಒತ್ತಿ ಉಳಿಸಿಕೊಳ್ಳಿ. ಫೆದರ್ ಕೊಡದಿದ್ದರೆ ಹೊಸ ಅಂಚು ಬ್ಲೇಡಲ್ಲಿ ಕುಯ್ದಂಗೆ ಕಾಣುತ್ತೆ, ಪಕ್ಕದ ನಿಜವಾದ ಅಂಚು ಅಷ್ಟು ಚೂಪಾಗಿ ಇರೋದಿಲ್ಲ. ಈ ಸೆಲೆಕ್ಷನ್ ಇದ್ದಾಗ ಹೀಲಿಂಗ್ ಬ್ರಶ್ ಹೊರಗಿನ ಬ್ಲೌಸಿನ ಬಣ್ಣವನ್ನು ಒಳಗೆ ಎಳೆಯೋದಿಲ್ಲ. ಚರ್ಮ ಮುಗಿದ ಮೇಲೆ Ctrl+Shift+I ಒತ್ತಿ ಸೆಲೆಕ್ಷನ್ ತಿರುಗಿಸಿದರೆ ಬ್ಲೌಸಿನ ಕಡೆ ಕೆಲಸ ಮಾಡಬಹುದು.

ಚರ್ಮದಲ್ಲಿ ತುಂಬಾ ಜನ ನೆಕ್ಲೇಸ್ ಎಷ್ಟಿದೆಯೋ ಅಷ್ಟನ್ನೇ ತೆಗೀತಾರೆ. ಅದು ಸಾಲದು. ಫ್ಲಾಶ್ ಮೇಲಿಂದ ಬಿದ್ದಾಗ ನೆಕ್ಲೇಸಿನ ಕೆಳಗೆ ಅದರದ್ದೇ ಆಕಾರದ ಒಂದು ನೆರಳು ಇರುತ್ತೆ, ಅದರಾಚೆಗೆ ಮಾಸಲು ನೆರಳು ಇನ್ನೂ ಸ್ವಲ್ಪ ದೂರ ಹೋಗಿರುತ್ತೆ. ಮೇಲ್ಭಾಗದಲ್ಲಿ ಬಂಗಾರದ ಹೊಳಪು ಬಿದ್ದು ಚರ್ಮ ಹಳದಿ ತಿರುಗಿರುತ್ತೆ. ಇವೆರಡನ್ನೂ ಬಿಟ್ಟರೆ ನೆಕ್ಲೇಸ್ ಹೋದ ಮೇಲೂ ಅದರ ದೆವ್ವ ಉಳಿಯುತ್ತೆ. ನೋಡಿದವರಿಗೆ ಏನು ಅಂತ ಹೇಳೋಕೆ ಬರದಿದ್ದರೂ, ಇಲ್ಲಿ ಏನೋ ಇತ್ತು ಅನ್ನಿಸಿಬಿಡುತ್ತೆ. ನೆರಳು ಪೂರ್ತಿ ಮುಗಿಯೋ ಜಾಗವನ್ನು ಹುಡುಕಿ, ನಿಮ್ಮ ಕೆಲಸದ ಗಡಿಯನ್ನು ಅಲ್ಲಿಗೆ ಹಾಕಿಕೊಳ್ಳಿ.

ಆ ಗಡಿಯೊಳಗೆ ಮೊದಲು ಕ್ಲೋನ್ ಸ್ಟಾಂಪ್. Hardness 40ರಿಂದ 50, Opacity 100. ನೆಕ್ಲೇಸಿನ ಉದ್ದಕ್ಕೂ ಒಂದೇ ಸಲ ಎಳೆಯಬೇಡಿ. ಅಲ್ಲಲ್ಲಿ ಅಡ್ಡಕ್ಕೆ ಚರ್ಮ ತುಂಬಿ ನೆಕ್ಲೇಸನ್ನು ಸಣ್ಣ ತುಂಡುಗಳಾಗಿ ಮಾಡಿ, ಆಮೇಲೆ ಒಂದೊಂದೇ ತುಂಡು ತೆಗೆಯಿರಿ. ಕುತ್ತಿಗೆಯ ಮೇಲ್ಭಾಗ ಗದ್ದದ ನೆರಳಲ್ಲಿ ಕಪ್ಪಗಿರುತ್ತೆ, ಎದೆಯ ಕಡೆ ಫ್ಲಾಶ್ ಬಿದ್ದು ತಿಳಿಯಾಗಿರುತ್ತೆ. ಆದ್ದರಿಂದ ಮೇಲಿನ ಅರ್ಧಕ್ಕೆ ಮೇಲಿಂದ, ಕೆಳಗಿನ ಅರ್ಧಕ್ಕೆ ಕೆಳಗಿಂದ ಚರ್ಮ ತಂದು ನಡುವೆ ಸೇರಿಸಬೇಕು. ಕುತ್ತಿಗೆಯ ಗೆರೆಗಳನ್ನು ಮರೀಬೇಡಿ. ಅಮ್ಮನ ವಯಸ್ಸಿನವರ ಕುತ್ತಿಗೆಯಲ್ಲಿ ಅಡ್ಡಗೆರೆ ಇದ್ದೇ ಇರುತ್ತೆ. ನೆಕ್ಲೇಸಿನ ಒಂದು ಕಡೆ ಒಳಗೆ ಹೋದ ಗೆರೆ ಇನ್ನೊಂದು ಕಡೆ ಹೊರಗೆ ಬರಲೇಬೇಕು. ಅದನ್ನು ನುಣ್ಣಗೆ ಮಾಡಿಬಿಟ್ಟರೆ ಮುಖ ಒಬ್ಬರದ್ದು, ಕುತ್ತಿಗೆ ಇನ್ನೊಬ್ಬರದ್ದು ಆಗುತ್ತೆ.

ಈಗ ಒಳಗೆಲ್ಲ ಚರ್ಮವೇ ಇದೆ, ಅಲ್ಲಲ್ಲಿ ತೇಪೆ ಕಾಣುತ್ತೆ ಅಷ್ಟೆ. ಹೀಲಿಂಗ್ ಬ್ರಶ್ಶಿಗೆ ಹೇಳಿ ಮಾಡಿಸಿದ ಕೆಲಸ ಇದು. ತೇಪೆಯ ಸಂದುಗಳ ಮೇಲೆ ಸಣ್ಣ ಸಣ್ಣದಾಗಿ ಎಳೆದರೆ ಕೂಡಿಕೊಳ್ಳುತ್ತೆ. ಹಳದಿ ಉಳಿದಿದ್ದರೆ ಹೊಸ ಲೇಯರಿನ ಮೋಡನ್ನು Color ಮಾಡಿ, ಪಕ್ಕದ ಒಳ್ಳೆಯ ಚರ್ಮದ ಬಣ್ಣ ತಗೊಂಡು, Flow 5ರಲ್ಲಿ ಮೆತ್ತಗೆ ಸವರಿ. ಬೆಳಕು ಹಾಗೇ ಇದ್ದು ಬಣ್ಣ ಮಾತ್ರ ಬದಲಾಗುತ್ತೆ.

ಇಂಥ ಕೆಲಸಕ್ಕೂ ತರಿಯನ್ನು ಒಂದು ಲೇಯರಿಗೆ, ಬಣ್ಣವನ್ನು ಇನ್ನೊಂದು ಲೇಯರಿಗೆ ಬೇರೆ ಮಾಡೋ ಫ್ರೀಕ್ವೆನ್ಸಿ ಸೆಪರೇಶನ್ ಮಾಡಿ ಅನ್ನೋ ಸಲಹೆ ಎಲ್ಲ ಕಡೆ ಸಿಗುತ್ತೆ. ನಾನು ಒಪ್ಪಲ್ಲ. ಅದರಲ್ಲಿ ಬಣ್ಣದ ಲೇಯರನ್ನು ಬ್ಲರ್ ಮಾಡುವಾಗ ನೆಕ್ಲೇಸಿನ ಹಳದಿ, ನೆರಳಿನ ಕಪ್ಪು ಎರಡೂ ಇನ್ನಷ್ಟು ಅಗಲಕ್ಕೆ ಹರಡಿಕೊಳ್ಳುತ್ತವೆ. ಸಣ್ಣ ಜಾಗದಲ್ಲಿದ್ದ ತೊಂದರೆಯನ್ನು ದೊಡ್ಡದು ಮಾಡಿಕೊಂಡಂಗೆ. ಆಭರಣ ಪೂರ್ತಿ ತೆಗೆದ ಮೇಲೆ ತೇಪೆ ಹದ ಮಾಡೋಕೆ ಬೇಕಿದ್ದರೆ ಬಳಸಿ.

ಸೆರಗಿನದ್ದು ಬೇರೆಯೇ ಲೆಕ್ಕ, ಅಲ್ಲಿ ಹೀಲಿಂಗ್ ಬ್ರಶ್ ಮುಟ್ಟಲೇಬೇಡಿ. ನಮಗೆ ಬಂದ ಫೋಟೋದ ಮೊಳಕಾಲ್ಮೂರು ಸೀರೆಯಲ್ಲಿ ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣ. ಅಂಥ ರೇಷ್ಮೆ ಒಂದು ಮಡಿಕೆಯಲ್ಲಿ ನೇರಳೆ ಕಂಡರೆ ಪಕ್ಕದ ಮಡಿಕೆ ಬೆಳಕಿಗೆ ಬೇರೆ ಕೋನದಲ್ಲಿ ತಿರುಗಿರೋದರಿಂದ ಕೆಂಪು ಕಾಣುತ್ತೆ. ಪದಕದ ಜಾಗ ತುಂಬೋಕೆ ಹತ್ತಿರ ಇದೆ ಅಂತ ಪಕ್ಕದ ಮಡಿಕೆಯಿಂದ ಬಟ್ಟೆ ತಂದರೆ ನೇರಳೆಯ ನಡುವೆ ಕೆಂಪು ಚುಕ್ಕೆ ಬಿದ್ದಂಗೆ ಆಗುತ್ತೆ. ಎಷ್ಟೇ ದೂರ ಆದರೂ ಅದೇ ಮಡಿಕೆಯ ಉದ್ದಕ್ಕೆ ಮೇಲೆಯೋ ಕೆಳಗೆಯೋ ಹೋಗಿ ಬಟ್ಟೆ ತನ್ನಿ. ಕ್ಲೋನ್ ಸ್ಟಾಂಪಿನ Aligned ಆನ್ ಇರಲಿ. ಮಡಿಕೆ ಬಾಗಿದ್ದರೆ Clone Source ಪ್ಯಾನೆಲಿನಲ್ಲಿ ಕೋನ ಬದಲಿಸಿ, ತಂದ ಬಟ್ಟೆಯ ನೇಯ್ಗೆ ಅಲ್ಲಿನ ನೇಯ್ಗೆ ಹೋಗೋ ದಿಕ್ಕಿಗೇ ಕೂರೋ ಹಾಗೆ ನೋಡಿಕೊಳ್ಳಿ.

ಜರಿಯ ಅಂಚಿನ ಮೇಲೆ ಪದಕ ಕೂತಿದ್ದರೆ ಸ್ಟಾಂಪ್ ಕೂಡ ಸಾಲದು. ಅಂಚಿನ ಹೂವೋ ಗೋಪುರವೋ ಒಂದೇ ಅಂತರದಲ್ಲಿ ಮತ್ತೆ ಮತ್ತೆ ಬರುತ್ತಲ್ಲ, ಅದರಲ್ಲಿ ಚೆನ್ನಾಗಿ ಕಾಣೋ ಒಂದನ್ನು ಲ್ಯಾಸೋದಲ್ಲಿ ಸುತ್ತಿ, ಮೂಲದ ಲೇಯರ್ ಆರಿಸಿಕೊಂಡು Ctrl+J ಒತ್ತಿ, ಜಾಗಕ್ಕೆ ತಂದು, Ctrl+T ಒತ್ತಿ Warp ಆರಿಸಿ ಮಡಿಕೆಯ ಬಾಗಿಗೆ ಬಗ್ಗಿಸಿ. ಆಮೇಲೆ ಮಾಸ್ಕ್ ಹಾಕಿ ಅಂಚು ಕೂಡಿಸಿ. ಪದಕದ ಭಾರಕ್ಕೆ ಸೆರಗಲ್ಲಿ ಸಣ್ಣ ಗುಳಿ ಬಿದ್ದಿರುತ್ತೆ. ಅದನ್ನು ಬಿಟ್ಟರೆ, ಏನೂ ಇಲ್ಲದ ಜಾಗದಲ್ಲಿ ಬಟ್ಟೆ ಯಾಕೆ ತಗ್ಗಿದೆ ಅನ್ನಿಸುತ್ತೆ. ಗುಳಿಯ ನೆರಳನ್ನೂ ತೆಗೆದು ಮಡಿಕೆಯನ್ನು ನೇರಕ್ಕೆ ಬಿಡಿ.

ಕೆಳಗೆಲ್ಲ ಸರಿಯಾದ ಮೇಲೆ ಮರೆ ಮಾಡಿದ್ದ ಕರಿಮಣಿ ಲೇಯರ್ ತೆರೆಯಿರಿ. ನೆಕ್ಲೇಸ್ ಮುಚ್ಚಿದ್ದ ಕಡೆ ಸರ ತುಂಡಾಗಿರುತ್ತೆ. ಅದೇ ಬದಿಯ ಸರದಿಂದ ಒಂದಷ್ಟು ಮಣಿ ನಕಲು ಮಾಡಿ, ಸ್ವಲ್ಪ ತಿರುಗಿಸಿ ಸೇರಿಸಿ. ಎಡಗಡೆಯದ್ದನ್ನು Flip Horizontal ಮಾಡಿ ಬಲಗಡೆ ಇಡೋ ಆಸೆ ಆಗುತ್ತೆ, ಬೇಡ. ಫೋಟೋ ದೊಡ್ಡದು ಮಾಡಿ ನೋಡಿ: ಒಂದೊಂದು ಕರಿಮಣಿಯ ಮೇಲೂ ಫ್ಲಾಶಿನ ಬಿಳಿ ಚುಕ್ಕೆ ಇದೆ, ಎಲ್ಲ ಮಣಿಯಲ್ಲೂ ಹೆಚ್ಚುಕಮ್ಮಿ ಒಂದೇ ಕಡೆ. ಫ್ಲಿಪ್ ಮಾಡಿದ ಮಣಿಗಳಲ್ಲಿ ಆ ಚುಕ್ಕೆ ಎದುರು ಬದಿಗೆ ಹೋಗಿಬಿಡುತ್ತೆ.

ಕರಿಮಣಿಯ ನೆರಳು ಚರ್ಮದ ಜೊತೆ ಅಳಿಸಿಹೋಗಿರೋದರಿಂದ ಸರ ಗಾಳಿಯಲ್ಲಿ ತೇಲಿದಂಗೆ ಇರುತ್ತೆ. ಸರದ ಲೇಯರನ್ನು ನಕಲು ಮಾಡಿ ಕೆಳಗಿಟ್ಟು, Edit ಮೆನುವಿನ Fillನಲ್ಲಿ Preserve Transparency ಗುರುತು ಹಾಕಿ ಕೆಂಪು ಮಿಶ್ರಿತ ಗಾಢ ಕಂದು ತುಂಬಿ, Gaussian Blur ಎರಡು ಮೂರು ಪಿಕ್ಸೆಲ್ ಕೊಟ್ಟು, ಮೋಡ್ Multiply ಮಾಡಿ, ಮೂಗಿನ ನೆರಳು ಯಾವ ಕಡೆ ಬಿದ್ದಿದೆಯೋ ಅದೇ ಕಡೆಗೆ ಒಂಚೂರು ಸರಿಸಿ. ಕಪ್ಪು ತುಂಬಬೇಡಿ. ಚರ್ಮದ ಮೇಲಿನ ನೆರಳು ಯಾವತ್ತೂ ಪೂರ್ತಿ ಕಪ್ಪಲ್ಲ.

ಪರೀಕ್ಷೆಗೆ ಎಲ್ಲದರ ಮೇಲೆ ಒಂದು Curves ಲೇಯರ್ ಹಾಕಿ, ಗೆರೆಯನ್ನು ಮೇಲೆ ಕೆಳಗೆ ಎರಡು ಮೂರು ಸಲ ಅಲೆಯ ಹಾಗೆ ಎಳೆಯಿರಿ. ಬಣ್ಣವೆಲ್ಲ ವಿಕಾರವಾಗುತ್ತೆ, ಆದರೆ ಕಣ್ಣಿಗೆ ಕಾಣದ ತೇಪೆ, ಉಳಿದ ನೆರಳು, ಒಂದೇ ಜಾಗದಿಂದ ಎರಡು ಸಲ ತಂದ ಚರ್ಮ ಎಲ್ಲ ಎದ್ದು ಕಾಣುತ್ತೆ. ಸರಿ ಮಾಡಿ ಆ ಲೇಯರ್ ಅಳಿಸಿಬಿಡಿ. ದೊಡ್ಡ ಫ್ರೇಮ್ ಹಾಕಿಸೋದಿದ್ದರೆ ಕುತ್ತಿಗೆಯ ಭಾಗವನ್ನಷ್ಟೇ ಕ್ರಾಪ್ ಮಾಡಿ, ಫ್ರೇಮಲ್ಲಿ ಬರೋ ಅಳತೆಗೇ ಒಂದು ಸಣ್ಣ ಪ್ರಿಂಟ್ ಮೊದಲು ತೆಗೆಸಿ ನೋಡಿ.

ಈ ಕ್ರಮ ನಡೆಯೋದು ನೆಕ್ಲೇಸಿನ ಮೇಲೂ ಕೆಳಗೂ ಒಂದಷ್ಟು ಚರ್ಮ ಕಾಣುತ್ತಿದ್ದರೆ ಮಾತ್ರ. ಗದ್ದದಿಂದ ಎದೆವರೆಗೆ ಸಾಲು ಸಾಲು ಸರ ಇದ್ದರೆ ತರೋಕೆ ಚರ್ಮವೇ ಇರೋದಿಲ್ಲ. ಕೆನ್ನೆಯಿಂದ ತಂದರೆ ತರಿ ಹೊಂದೋದಿಲ್ಲ, ಕೆನ್ನೆಯ ಚರ್ಮ ಬೇರೆ, ಕುತ್ತಿಗೆಯದ್ದು ಬೇರೆ. ಆಗ ಅದೇ ದಿನ, ಅದೇ ಬೆಳಕಲ್ಲಿ, ಅಮ್ಮ ಆ ಸರ ಹಾಕಿಕೊಳ್ಳೋ ಮೊದಲು ತೆಗೆದ ಇನ್ನೊಂದು ಫೋಟೋ ಹುಡುಕಿ, ಅದರಲ್ಲಿನ ಕುತ್ತಿಗೆಯನ್ನು ಇದಕ್ಕೆ ಕೂರಿಸಬೇಕು. ಮದುವೆ ಫೋಟೋಗ್ರಾಫರ್ ಹತ್ರ ಆಲ್ಬಮ್ಮಿಗೆ ಹಾಕದೆ ಬಿಟ್ಟ ಫೋಟೋಗಳೂ ಇರುತ್ತವೆ, ಅವನ್ನೂ ಕೇಳಿ ನೋಡಿ.