ಒತ್ತಿ ಹಿಡಿದ ಎರಡು ಪ್ಲೇಟುಗಳ ನಡುವೆ ತಾಪಮಾನ ಯಾಕೆ ಜಿಗಿಯುತ್ತದೆ?

ಪ್ರಶ್ನೆ: ಎರಡು ಅಲ್ಯೂಮಿನಿಯಂ ಪ್ಲೇಟುಗಳನ್ನು ಬೋಲ್ಟ್ ಹಾಕಿ ಬಿಗಿದಿದ್ದೇನೆ. ಎರಡೂ ಒಂದೇ ಲೋಹ, ಆದರೂ ಜೋಡಣೆಯಲ್ಲಿ ತಾಪಮಾನ ದಿಢೀರ್ ಇಳಿಯುತ್ತದೆ. ಯಾಕೆ?

ಉತ್ತರ: ಕಣ್ಣಿಗೆ ನುಣ್ಣಗೆ ಕಂಡರೂ ಮೇಲ್ಮೈ ತುಂಬ ಸಣ್ಣ ಗುಡ್ಡಗಳಿರುತ್ತವೆ. ಪ್ಲೇಟುಗಳು ನಿಜವಾಗಿ ತಾಗುವುದು ಆ ಗುಡ್ಡಗಳ ತುದಿಯಲ್ಲಿ ಮಾತ್ರ. ಉಳಿದ ಕಡೆ ಗಾಳಿ. ಅದು ಅಲ್ಯೂಮಿನಿಯಂಗಿಂತ ಸಾವಿರಾರು ಪಟ್ಟು ಕಳಪೆ ವಾಹಕ. ಹಾಗಾಗಿ ಶಾಖ ಹೆಚ್ಚಾಗಿ ಆ ಕೆಲವೇ ಬಿಂದುಗಳತ್ತ ನುಗ್ಗಬೇಕು. ಇದೇ ಸಂಪರ್ಕ ರೋಧ.

ಲೆಕ್ಕ ಹಾಕೋಣ. ಪ್ರತಿ ಪ್ಲೇಟು 10 ಮಿ.ಮೀ. ದಪ್ಪ, ವಾಹಕತೆ 200 W/m·K, ಶಾಖದ ಹರಿವು q 20,000 W/m² ಎಂದುಕೊಳ್ಳಿ. ಒಂದು ಪ್ಲೇಟಿನೊಳಗಿನ ಇಳಿತ ಬರೀ 1 ಡಿಗ್ರಿ. ಸಾಧಾರಣ ಬಿಗಿತದಲ್ಲಿ ಜೋಡಣೆಯ ವಾಹಕತೆ h ಸುಮಾರು 4,000 W/m²·K ಇರಬಹುದು. ಆಗ:

```
ΔT = q / h = 20000 / 4000 = 5 K
```

ಅಂದರೆ ಆ ಕಾಣದ ಸಂದು 50 ಮಿ.ಮೀ. ಅಲ್ಯೂಮಿನಿಯಂಗೆ ಸಮ!

ಇನ್ನಷ್ಟು ಬಿಗಿದರೆ ಗುಡ್ಡಗಳ ತುದಿ ಚಪ್ಪಟೆಯಾಗಿ ತಾಗುವ ಜಾಗ ಹೆಚ್ಚುತ್ತದೆ. ತಾಗುವ ಬಿಂದುಗಳ ಮೂಲಕ ಸಾಗುವ ಶಾಖದ ಮಟ್ಟಿಗೆ ವಾಹಕತೆಯೂ ಹೆಚ್ಚುಕಡಿಮೆ ಒತ್ತಡದಷ್ಟೇ ಪಟ್ಟು ಏರುತ್ತದೆ. ಥರ್ಮಲ್ ಪೇಸ್ಟ್ ಹಚ್ಚಿದರೆ ಗಾಳಿಯ ಜಾಗ ತುಂಬುತ್ತದೆ. ಆದರೆ ತೆಳ್ಳಗೆ ಹಚ್ಚಿ. ಪೇಸ್ಟ್ ಗಾಳಿಗಿಂತ ವಾಸಿ ಅಷ್ಟೇ, ಲೋಹದ ಹತ್ತಿರಕ್ಕೂ ಬರುವುದಿಲ್ಲ. ಜಾಸ್ತಿ ಹಚ್ಚಿದರೆ ಅದೇ ಅಡ್ಡಿ.

ಅಳೆಯುವಾಗ ಸಂದಿಯಲ್ಲೇ ಥರ್ಮೋಕಪಲ್ ತೂರಿಸಬೇಡಿ, ಅದು ಪ್ಲೇಟುಗಳನ್ನೇ ದೂರ ಮಾಡುತ್ತದೆ. ಪ್ರತಿ ಪ್ಲೇಟಿನೊಳಗೆ ಎರಡು ಮೂರು ಕಡೆ ಅಳೆದು, ಗ್ರಾಫಿನ ಗೆರೆಗಳನ್ನು ಜೋಡಣೆಯವರೆಗೆ ಎಳೆಯಿರಿ. ಎರಡು ಗೆರೆಗಳ ನಡುವಿನ ಅಂತರವೇ ಆ ಜಿಗಿತ.