ಮಿಕ್ಸಿ ವಾಪಸು, ಶುಲ್ಕ ಮನ್ನಾ ವಜಾ

ಪ್ರಶ್ನೆ: ವರ್ಷಕ್ಕೆ 2 ಲಕ್ಷ ರೂಪಾಯಿ ಖರ್ಚು ಮಾಡಿದರೆ ಕ್ರೆಡಿಟ್ ಕಾರ್ಡಿನ ವಾರ್ಷಿಕ ಶುಲ್ಕ ಮನ್ನಾ ಎಂದಿದ್ದಾರೆ. ಲೆಕ್ಕ ಹೇಗೆ ಹಿಡಿಯುತ್ತಾರೆ? ನನಗಿನ್ನೂ 18 ಸಾವಿರ ಕಡಿಮೆ ಇದೆ, ವಾಲೆಟ್‌ಗೆ ಹಾಕಿಬಿಡಲೇ?

ನನ್ನ ಕಾರ್ಡಿಗೂ 2 ಲಕ್ಷದ ಗಡಿಯೇ ಇತ್ತು. ಅದು ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ವರ್ಷವಲ್ಲ, ಕಾರ್ಡ್ ಮಂಜೂರಾದ ದಿನದಿಂದ ಎಣಿಸುವ ವರ್ಷ ಎಂಬುದು ನನಗೆ ಗೊತ್ತಿತ್ತು. ನನ್ನದು ಜೂನ್ 18ರಿಂದ ಮರುವರ್ಷದ ಜೂನ್ 17ರವರೆಗೆ. ಆ ಅವಧಿಯ ಖರೀದಿಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಕೂಡಿದಾಗ 2,11,400 ಬಂತು. ಪೆಟ್ರೋಲ್ ನನ್ನ ಕಾರ್ಡಿನಲ್ಲಿ ಲೆಕ್ಕಕ್ಕಿಲ್ಲವಾದ್ದರಿಂದ 9,400 ಕಳೆದೆ. 2,02,000 ಉಳಿಯಿತು. ಗಡಿ ದಾಟಿದೆನೆಂದು ಜೂನ್ ಮೊದಲ ವಾರದಿಂದ ಕಾರ್ಡನ್ನು ಮುಟ್ಟಲೇ ಇಲ್ಲ.

ಮುಂದಿನ ಬಿಲ್ಲಿನಲ್ಲಿ ವಾರ್ಷಿಕ ಶುಲ್ಕ 999, ಅದರ ಕೆಳಗೆ ಇನ್ನೊಂದು ಸಾಲಿನಲ್ಲಿ ಜಿಎಸ್‌ಟಿ 179.82. ಕಸ್ಟಮರ್ ಕೇರ್‌ನವರೊಂದಿಗೆ ವಾದಿಸಿದ ಮೇಲೆ ತಿಳಿದದ್ದು ಇಷ್ಟು: ಮೇ ತಿಂಗಳಲ್ಲಿ ಕೊಂಡ 4,200 ರೂಪಾಯಿಯ ಮಿಕ್ಸಿಯನ್ನು ಜಾರಿನ ಮುಚ್ಚಳ ಸರಿಯಿಲ್ಲವೆಂದು ವಾಪಸು ಕಳಿಸಿದ್ದೆ. ಹಣ ಅದೇ ತಿಂಗಳ ಕೊನೆಗೆ ಜಮೆಯಾಗಿತ್ತು. ಖರೀದಿಯಾದಾಗ ಸೇರಿದ ಮೊತ್ತವನ್ನು ಮರುಪಾವತಿಯಾದಾಗ ಬ್ಯಾಂಕು ಕಳೆದುಬಿಡುತ್ತದೆ. ನಾನು ಖರೀದಿಯ ಸಾಲನ್ನು ಬರೆದುಕೊಂಡೆ, CR ಎಂದು ಗುರುತು ಹಾಕಿದ ಜಮೆಯ ಸಾಲನ್ನು ಬಿಟ್ಟೆ, ಏಕೆಂದರೆ ಅದು ಖರ್ಚಲ್ಲವಲ್ಲ, ನನ್ನದೇ ಹಣ ನನಗೆ ಬಂದದ್ದು ಎಂದುಕೊಂಡಿದ್ದೆ. ಲೆಕ್ಕಕ್ಕೆ ಬಂದ ಖರ್ಚು 1,97,800. ಕೇವಲ 2,200 ರೂಪಾಯಿಯ ಕೊರತೆ. ಆ ತಿಂಗಳ ದಿನಸಿಯನ್ನು ಕಾರ್ಡಿನಲ್ಲಿ ಕೊಂಡಿದ್ದರೆ ಸಾಕಿತ್ತು, ಅದನ್ನು ಯುಪಿಐಯಲ್ಲಿ ಬ್ಯಾಂಕ್ ಖಾತೆಯಿಂದಲೇ ಕೊಟ್ಟಿದ್ದೆ!

ವಾಲೆಟ್‌ಗೆ ಹಾಕುವ ಯೋಚನೆಯನ್ನು ಕೈಬಿಡಿ. ಬಹಳಷ್ಟು ಕಾರ್ಡುಗಳಲ್ಲಿ ವಾಲೆಟ್‌ಗೆ ತುಂಬುವ ಹಣ, ಮನೆ ಬಾಡಿಗೆ, ಇಂಧನ ಇವು ಗಡಿಗೆ ಸೇರುವುದಿಲ್ಲ. ಎಟಿಎಂನಲ್ಲಿ ತೆಗೆದ ನಗದು, ಬಡ್ಡಿ, ಬ್ಯಾಂಕಿನ ಇತರ ಶುಲ್ಕಗಳು ಸಾಮಾನ್ಯವಾಗಿ ಎಲ್ಲಿಯೂ ಸೇರುವುದಿಲ್ಲ. ಕಂತಿಗೆ ಬದಲಾಯಿಸಿದ ಖರೀದಿಯ ವಿಷಯದಲ್ಲಿ ಒಂದೊಂದು ಬ್ಯಾಂಕಿಗೆ ಒಂದೊಂದು ನಿಯಮವಿರುವುದರಿಂದ ನಿಮ್ಮ ಕಾರ್ಡಿನ ಷರತ್ತುಗಳನ್ನೇ ನೋಡಬೇಕು. ವಾಲೆಟ್ ಸೇರುತ್ತದೆಂದೇ ಇಟ್ಟುಕೊಂಡರೂ, 1,200 ರೂಪಾಯಿಯೊಳಗಿನ ಶುಲ್ಕ ಉಳಿಸಲು ಬೇಡದ 18 ಸಾವಿರವನ್ನು ಖರ್ಚು ಮಾಡುವುದು ನನ್ನ ಪ್ರಕಾರ ಬುದ್ಧಿವಂತಿಕೆಯಲ್ಲ. ಹೇಗೂ ಕಟ್ಟಬೇಕಾದ ವಿಮೆಯ ಕಂತೋ ಶಾಲೆಯ ಫೀಸೋ ಇದ್ದು, ನಿಮ್ಮ ಕಾರ್ಡು ಅದನ್ನು ಒಪ್ಪುವುದಾದರೆ ಮಾತ್ರ ಮುಂದುವರಿಯಿರಿ.

ಆ ಪಾವತಿಯನ್ನೂ ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ. ಕಾರ್ಡ್ ಉಜ್ಜಿದ ದಿನಕ್ಕೂ ಅದು ಬ್ಯಾಂಕಿನ ಖಾತೆಯಲ್ಲಿ ನಮೂದಾಗುವ ದಿನಕ್ಕೂ ಎರಡು ಮೂರು ದಿನಗಳ ಅಂತರವಿರುವುದುಂಟು, ಅಷ್ಟರೊಳಗೆ ನಿಮ್ಮ ವರ್ಷವೇ ಮುಗಿದಿರಬಹುದು. ಹತ್ತು ದಿನ ಮೊದಲೇ ಕಸ್ಟಮರ್ ಕೇರ್‌ಗೆ ಕರೆ ಮಾಡಿ, ವರ್ಷ ಮುಗಿಯುವ ದಿನಾಂಕವನ್ನೂ ಮನ್ನಾಕ್ಕೆ ಈವರೆಗೆ ಪರಿಗಣಿಸಿದ ಮೊತ್ತವನ್ನೂ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ಕಳಿಸಲು ಹೇಳಿ.