ಆಫರ್ ಹಿಂಪಡೆಯುವ ಪತ್ರದಲ್ಲಿ ‘ನಕಲಿ’ ಎಂಬ ಪದ ಬೇಡ

ಪ್ರಶ್ನೆ: ನಮ್ಮದು ಬೆಂಗಳೂರಿನ ಸಣ್ಣ ಸಾಫ್ಟ್‌ವೇರ್ ಕಂಪನಿ. ಅಭ್ಯರ್ಥಿಯೊಬ್ಬರು ನಮ್ಮ ಆಫರ್ ಒಪ್ಪಿ, ಇದ್ದ ಕೆಲಸಕ್ಕೆ ರಾಜೀನಾಮೆ ಕೊಟ್ಟಿದ್ದಾರೆ. ಹಿಂದಿನ ಒಂದು ಕಂಪನಿಯಲ್ಲಿ ಜೂನ್ 2021ರಿಂದ ಜುಲೈ 2023ರವರೆಗೆ, 26 ತಿಂಗಳು ಇದ್ದೆ ಎಂದು ಬರೆದಿದ್ದರು. ವೆರಿಫಿಕೇಷನ್‌ನಲ್ಲಿ 21 ತಿಂಗಳು ಎಂದು ಬಂದಿದೆ. ಬಜೆಟ್ ಇಲ್ಲ ಎಂದು ಫೋನಿನಲ್ಲಿ ಹೇಳಿಬಿಟ್ಟಿದ್ದೇವೆ. ‘ನಕಲಿ ಅನುಭವ ತೋರಿಸಿದ್ದಕ್ಕೆ ಆಫರ್ ರದ್ದು’ ಎಂದು ಈಗ ಮೇಲ್ ಕಳಿಸಬಹುದೇ?

ಉತ್ತರ: ಕಳಿಸಬೇಡಿ. ತಿಂಗಳಿಗೆ ಎರಡು ಮೂರು ಬಾರಿ ಇದೇ ಪ್ರಶ್ನೆ ಬರುತ್ತದೆ, ಅದೂ ಬಹುತೇಕ ಬಾರಿ ಫೋನ್ ಮಾಡಿ ಆದ ಮೇಲೆ. ಬಾಯಲ್ಲಿ ಒಂದು ಕಾರಣ, ಕಾಗದದಲ್ಲಿ ಇನ್ನೊಂದು ಇದ್ದರೆ ಎದುರಿನ ವಕೀಲರು ಮೊದಲು ಹಿಡಿಯುವುದೇ ಅದನ್ನು. ಕರೆ ಮಾಡಿದವರಿಂದ ಯಾವಾಗ, ಏನು ಹೇಳಿದರು ಎಂದು ಬರೆಸಿ ಫೈಲಿನಲ್ಲಿಡಿ. ಬಜೆಟ್ ಮಾತನ್ನು ಇನ್ನು ಯಾರೂ ಎತ್ತಬಾರದು.

ಅಭ್ಯರ್ಥಿ ಒಪ್ಪಿದ ಕ್ಷಣಕ್ಕೆ ಆಫರ್ ಒಪ್ಪಂದವಾಗುತ್ತದೆ. 1872ರ ಭಾರತೀಯ ಕರಾರು ಕಾಯ್ದೆಯ 5ನೇ ಕಲಮಿನಂತೆ, ಒಪ್ಪಿಗೆ ನಿಮ್ಮನ್ನು ತಲುಪಿದ ಮೇಲೆ ಅದನ್ನು ಸುಮ್ಮನೆ ಹಿಂದಕ್ಕೆ ತೆಗೆದುಕೊಳ್ಳಲಾಗದು. ‘ವೆರಿಫಿಕೇಷನ್ ತೃಪ್ತಿಕರವಾಗಿದ್ದರೆ ಮಾತ್ರ’ ಎಂಬ ಷರತ್ತು ನಿಮ್ಮ ಆಫರ್ ಲೆಟರಿನಲ್ಲಿದ್ದರೆ ಅದೇ ನಿಮ್ಮ ಆಧಾರ. ಆ ಸಾಲು ಇಲ್ಲದಿದ್ದರೆ ಇಲ್ಲಿಗೆ ನಿಲ್ಲಿಸಿ, ವಕೀಲರ ಬಳಿ ಹೋಗಿ. ಕೋರ್ಟು ಅವರನ್ನೇ ಕೆಲಸಕ್ಕೆ ಇಟ್ಟುಕೊಳ್ಳಿ ಎಂದು ಸಾಮಾನ್ಯವಾಗಿ ಹೇಳುವುದಿಲ್ಲ, ನಿಜ. ಆದರೆ ಅವರು ಕೆಲಸ ಬಿಟ್ಟು ಬಂದಿದ್ದಾರೆ. ಅದರ ನಷ್ಟವನ್ನು ಕೇಳಬಹುದು.

ಷರತ್ತು ಇದ್ದರೂ ಆತುರ ಬೇಡ, ಆ ಐದು ತಿಂಗಳು ಎಲ್ಲಿ ಹೋಯಿತು ಎಂದು ಮೊದಲು ನೋಡಿ. ನನಗೆ ಮತ್ತೆ ಮತ್ತೆ ಸಿಗುವ ಕಾರಣ ಒಂದೇ. ಮಾರ್ಚ್ 2023ರಿಂದ ಅವರನ್ನು ಗುತ್ತಿಗೆ ಏಜೆನ್ಸಿಯೊಂದರ ಪೇರೋಲ್‌ಗೆ ಹಾಕಿರುತ್ತಾರೆ. ಕುರ್ಚಿ ಅದೇ, ಮ್ಯಾನೇಜರ್ ಅದೇ, ಪಿಎಫ್ ದಾಖಲೆಯಲ್ಲಿ ಮಾತ್ರ ಬೇರೆ ಹೆಸರು. ಹಳೆ ಕಂಪನಿಯ ಎಚ್‌ಆರ್ ಫೆಬ್ರುವರಿಯ ದಿನಾಂಕ ಕೊಟ್ಟು ಕೈ ತೊಳೆದುಕೊಳ್ಳುತ್ತದೆ. ‘ಪರಿಶೀಲಿಸಲು ಆಗಲಿಲ್ಲ’ ಎಂದು ಬಂದ ರಿಪೋರ್ಟನ್ನೂ ‘ಫೇಲ್’ ಎಂದು ಓದುವವರಿದ್ದಾರೆ. ಅವೆರಡೂ ಒಂದೇ ಅಲ್ಲ.

ಆದ್ದರಿಂದ ಮೊದಲ ಮೇಲ್ ರದ್ದತಿಯದಲ್ಲ, ವಿವರಣೆ ಕೇಳುವುದು. ಎರಡೂ ದಿನಾಂಕಗಳನ್ನು ಅಕ್ಕಪಕ್ಕ ಬರೆದು, ಆ ಐದು ತಿಂಗಳ ಸ್ಯಾಲರಿ ಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಸಂಬಳ ಬಂದ ಸಾಲುಗಳು, ಪಿಎಫ್ ಸರ್ವಿಸ್ ಹಿಸ್ಟರಿ ಕೇಳಿ. ತೆರಿಗೆ ಕಡಿತವಾಗಿದ್ದರೆ ಫಾರ್ಮ್ 26ಎಎಸ್ ಕೂಡ ಕೇಳಿ, ಕಡಿತ ಮಾಡಿದವರ ಹೆಸರು ಅದರಲ್ಲಿರುತ್ತದೆ. ಐದು ಕೆಲಸದ ದಿನ ಕೊಡಿ. ಸಂಬಳ ಏಜೆನ್ಸಿಯಿಂದ ಬಂದಿದ್ದು ಕಂಡರೆ ವ್ಯತ್ಯಾಸ ಅಲ್ಲಿಗೆ ಮುಗಿಯಿತು, ಆಫರ್ ಉಳಿಸಿ. ಸಂಬಳವೇ ಬಂದಿಲ್ಲ, ಉತ್ತರದಲ್ಲಿ ಸರಿಯಾದ ವಿವರಣೆಯೂ ಇಲ್ಲ ಎಂದಾದರೆ ಮಾತ್ರ ಪತ್ರ ಬರೆಯಿರಿ. ಅದು ಹೀಗಿರಲಿ:

‘ನಿಮಗೆ ನೀಡಿದ ಆಫರ್, ಅದರ ಇಂಥ ಕಲಮಿನಂತೆ, ವೆರಿಫಿಕೇಷನ್ ತೃಪ್ತಿಕರವಾಗಿರಬೇಕೆಂಬ ಷರತ್ತಿಗೆ ಒಳಪಟ್ಟಿತ್ತು. ನೀವು ನೀಡಿದ ಸೇವಾವಧಿಗೂ ನಮಗೆ ದೊರೆತ ಮಾಹಿತಿಗೂ ವ್ಯತ್ಯಾಸವಿದೆ. ಇಂಥ ದಿನ ನಿಮ್ಮ ವಿವರಣೆ ಕೇಳಿದ್ದೆವು. ನಿಮ್ಮ ಉತ್ತರವನ್ನು ಪರಿಶೀಲಿಸಿದ್ದೇವೆ. ಷರತ್ತು ಪೂರ್ಣಗೊಳ್ಳದ ಕಾರಣ ಆಫರ್ ಹಿಂಪಡೆಯುತ್ತಿದ್ದೇವೆ.’

ಇಷ್ಟು ಸಾಕು. ‘ನಕಲಿ’, ‘ವಂಚನೆ’, ‘ಸುಳ್ಳು’ ಎಂದು ಬರೆದರೆ ಅವರ ಉದ್ದೇಶವನ್ನು ನೀವೇ ಸಾಬೀತು ಮಾಡಬೇಕಾಗುತ್ತದೆ. ‘ವ್ಯತ್ಯಾಸವಿದೆ’ ಎಂದರೆ ಎರಡು ಕಾಗದ ತೋರಿಸಿದರೆ ಆಯಿತು. ಪತ್ರ ಅಭ್ಯರ್ಥಿಗೆ ಮಾತ್ರ ಹೋಗಲಿ. ಪ್ಲೇಸ್‌ಮೆಂಟ್ ಕನ್ಸಲ್ಟೆಂಟ್‌ಗೆ ಸಿಸಿ ಹಾಕಿದಿರೋ, ಮೂರನೆಯವರಿಗೆ ತಿಳಿಸಿದಂತಾಗಿ ಮಾನನಷ್ಟದ ಬಾಗಿಲು ತೆರೆಯುತ್ತದೆ. ಅವರಿಗೆ ‘ಈ ಆಫರ್ ಮುಂದುವರಿಯುತ್ತಿಲ್ಲ’ ಎಂದಷ್ಟೇ ತಿಳಿಸಿ. ಎಲ್ಲ ಕಂಪನಿಗೂ ಹೊಂದುವ ಪತ್ರದ ನಮೂನೆ ಎಂದು ಐನೂರು ರೂಪಾಯಿಗೆ ಮಾರುವವರಿದ್ದಾರೆ. ನಾನು ನೋಡಿದವುಗಳಲ್ಲಿ ‘ಕ್ರಿಮಿನಲ್ ಕ್ರಮ ಕೈಗೊಳ್ಳಲಾಗುವುದು’ ಎಂಬ ಬೆದರಿಕೆಯ ಸಾಲು ಇತ್ತು. ದಯವಿಟ್ಟು ಅದನ್ನು ಮುಟ್ಟಬೇಡಿ.

ಪ್ರಶ್ನೆ: ಕಾರಣವನ್ನೇ ಹೇಳದಿದ್ದರೆ ಸುರಕ್ಷಿತವಲ್ಲವೇ?

ಉತ್ತರ: ಅಲ್ಲ. ಕಾರಣವಿಲ್ಲದ ಪತ್ರ ಷರತ್ತಿನ ಆಧಾರವನ್ನೇ ಕೈಬಿಡುತ್ತದೆ.

ಪ್ರಶ್ನೆ: ಎಚ್‌ಆರ್‌ಗಳ ವಾಟ್ಸಾಪ್ ಗ್ರೂಪಿನಲ್ಲಿ ಹೆಸರು ಹಾಕಿ ಎಚ್ಚರಿಸಬಹುದೇ?

ಉತ್ತರ: ಯಾವ ಕಾರಣಕ್ಕೂ ಬೇಡ. ಹಾಕಿದ್ದರೆ ಇವತ್ತೇ ಅಳಿಸಿ.

ಪ್ರಶ್ನೆ: ಅವರು ಸೇರಿ ಎರಡು ತಿಂಗಳಾದ ಮೇಲೆ ರಿಪೋರ್ಟ್ ಬಂತು. ಇದೇ ಪತ್ರ ಕೊಡಬಹುದೇ?

ಉತ್ತರ: ಆಗದು. ಸೇರಿದ ಮೇಲೆ ಹಿಂಪಡೆಯಲು ಆಫರ್ ಉಳಿದಿರುವುದಿಲ್ಲ. ಅದು ಕೆಲಸದಿಂದ ತೆಗೆಯುವ ವಿಚಾರ, ನೇಮಕಾತಿ ಪತ್ರದ ಪ್ರೊಬೇಷನ್ ಮತ್ತು ನೋಟಿಸ್ ಕಲಮುಗಳನ್ನು ತೆಗೆದುಕೊಂಡು ವಕೀಲರನ್ನು ಕಾಣಿ.